ವರ್ಷಕ್ಕೆ ಮೂರು ಪೋಸ್ಟರ್‌ಗೆ 120 ಡಾಲರ್ ಬೇಕೇ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸಣ್ಣ ವ್ಯಾಪಾರಕ್ಕೆ ಕ್ಯಾನ್ವಾ ಪ್ರೊ ವಾರ್ಷಿಕ ಪ್ಲಾನ್ ಹೆಚ್ಚಿನವರಿಗೆ ಬೇಕಿಲ್ಲ.

ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಪರಿಚಯದವರೊಬ್ಬರು ಮನೆಯಲ್ಲೇ ಸೀರೆ ಮಾರಿ, ಬ್ಲೌಸ್ ಹೊಲಿದುಕೊಡುತ್ತಾರೆ. ಯುಗಾದಿ, ವರಮಹಾಲಕ್ಷ್ಮಿ, ದೀಪಾವಳಿಗೆ ಒಂದೊಂದು ಪೋಸ್ಟರ್ ಮಾಡಿ ಇಂಡಿಯನ್ ಗ್ರೋಸರಿ ಅಂಗಡಿಗಳಲ್ಲಿ ಅಂಟಿಸುತ್ತಾರೆ. ಅಮೆರಿಕದಲ್ಲಿ ಪ್ರೊ ಬೆಲೆ ತಿಂಗಳಿಗೆ ಸುಮಾರು 15 ಡಾಲರ್, ವರ್ಷಕ್ಕೆ 120. ಅಂದರೆ ಎಂಟು ತಿಂಗಳಿಗಿಂತ ಹೆಚ್ಚು ಬಳಸಿದರೆ ಮಾತ್ರ ವಾರ್ಷಿಕ ಪ್ಲಾನ್ ಲಾಭ. ಹಬ್ಬದ ಮೂರು ತಿಂಗಳು ಮಾತ್ರ ಕಟ್ಟಿ ನಿಲ್ಲಿಸಿದರೆ 45 ಡಾಲರ್, 75 ಉಳಿಯಿತು.

ಆ ಮೂರು ತಿಂಗಳಾದರೂ ಬೇಕೇ? ಪ್ರೊ ಕೊಡುವುದನ್ನು ಒಂದೊಂದಾಗಿ ನೋಡಿ.

ಬ್ರಾಂಡ್ ಕಿಟ್ ಎಂದರೆ ನಿಮ್ಮ ಲೋಗೋ, ಬಣ್ಣ, ಫಾಂಟ್‌ಗಳನ್ನು ಒಂದೆಡೆ ಇಡುವ ಸೌಲಭ್ಯ. ಐದಾರು ಜನ ಡಿಸೈನ್ ಮಾಡುವ ಕಂಪನಿಗೆ ಅದು ಬೇಕು. ಒಬ್ಬರೇ ಮಾಡುವಾಗ, ಎರಡು ಬಣ್ಣದ ಕೋಡ್ (`#8B0000` ತರಹ), ಎರಡು ಫಾಂಟ್ ಹೆಸರು ಬರೆದಿಟ್ಟುಕೊಂಡು, ಹಳೆಯ ಪೋಸ್ಟರನ್ನೇ ಕಾಪಿ ಮಾಡಿ ತಿದ್ದಿದರೆ ಅದೇ ಕೆಲಸ ಆಗುತ್ತದೆ.

ಪ್ರೀಮಿಯಂ ಟೆಂಪ್ಲೇಟ್‌ನಲ್ಲಿ ಒಂದು ಸಿಕ್ಕು ಇದೆ. ಪ್ಲಾನ್ ನಿಲ್ಲಿಸಿದ ಮೇಲೂ ಡಿಸೈನ್ ನಿಮ್ಮ ಖಾತೆಯಲ್ಲಿ ಇರುತ್ತದೆ. ಆದರೆ ತಿದ್ದಿ ಮತ್ತೆ ಡೌನ್‌ಲೋಡ್ ಮಾಡಲು ಹೋದರೆ ಕಿರೀಟದ ಗುರುತಿನ ಚಿತ್ರಗಳ ಮೇಲೆ ವಾಟರ್‌ಮಾರ್ಕ್ ಬರುತ್ತದೆ, ಇಲ್ಲವೇ ಅವಕ್ಕೆ ಬೇರೆ ದುಡ್ಡು ಕಟ್ಟಬೇಕು. ಆದ್ದರಿಂದ ಪ್ರತಿವರ್ಷ ಬಳಸುವ ಪೋಸ್ಟರಿಗೆ ಕಿರೀಟವಿಲ್ಲದ ಚಿತ್ರಗಳನ್ನೇ ಆರಿಸಿ. ಸೀರೆಯ ಫೋಟೊ ನಿಮ್ಮದೇ ಇರುವಾಗ ಬಾಡಿಗೆ ಚಿತ್ರ ಯಾಕೆ?

ಇನ್ನು ಪ್ರಿಂಟ್. 11x17 ಇಂಚಿನ ಪೋಸ್ಟರನ್ನು ಪಿಎನ್‌ಜಿಯಲ್ಲಿ ಇಳಿಸಿದರೆ ಸಿಗುವುದು 1056x1632 ಪಿಕ್ಸೆಲ್, ಅಂದರೆ ಇಂಚಿಗೆ ಬರೀ 96. ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಕಾಗದದ ಮೇಲೆ ಮಸುಕು. ವಾಟ್ಸಾಪ್‌ಗೆ ಪಿಎನ್‌ಜಿ ಸಾಕು. ಪ್ರಿಂಟಿಗೆ `PDF Print` ಆರಿಸಿ, `Crop marks and bleed` ಟಿಕ್ ಮಾಡಿ. ಎರಡೂ ಉಚಿತ ಪ್ಲಾನ್‌ನಲ್ಲೇ ಇವೆ.

ಪ್ರೊನಲ್ಲಿ ಮಾತ್ರ ಇರುವುದು ಸಿಎಂವೈಕೆ ಬಣ್ಣದ ಪಿಡಿಎಫ್. ಆದರೆ ಸ್ಕ್ರೀನಿನ ರಾಣಿ ಪಿಂಕ್, ಗಿಳಿಹಸಿರು ಶಾಯಿಯಲ್ಲಿ ಹೇಗೂ ಸ್ವಲ್ಪ ಮಂಕಾಗುತ್ತವೆ. ಪ್ಲಾನ್ ಬದಲಿಸಿದರೆ ಅದು ಬದಲಾಗುವುದಿಲ್ಲ. ಪ್ರಿಂಟ್ ಅಂಗಡಿಯವರು ಸಿಎಂವೈಕೆ ಫೈಲೇ ಬೇಕು ಎಂದರೆ ಆ ತಿಂಗಳು ಕಟ್ಟಿ. ಇಲ್ಲದಿದ್ದರೆ ಒಂದು ಸ್ಯಾಂಪಲ್ ಪ್ರತಿ ತೆಗೆಸಿ, ಬಣ್ಣ ನೋಡಿ, ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ.

ನಿಜಕ್ಕೂ ಸಮಯ ಉಳಿಸುವುದು ಬ್ಯಾಕ್‌ಗ್ರೌಂಡ್ ತೆಗೆಯುವ ಸೌಲಭ್ಯ. ಮೂವತ್ತು ಸೀರೆಯ ಫೋಟೊ ಇದ್ದರೆ ಒಂದು ತಿಂಗಳು ಕಟ್ಟಿ, ಎಲ್ಲವನ್ನೂ ಒಟ್ಟಿಗೆ ಮುಗಿಸಿ, ಫೈಲುಗಳನ್ನು ಇಳಿಸಿಕೊಂಡು, ಆಟೋ ರಿನ್ಯೂವಲ್ ಅಂದೇ ನಿಲ್ಲಿಸಿ. ಆ 15 ಡಾಲರ್ ರಸೀದಿ ಮಾತ್ರ ಎತ್ತಿಡಿ. ಟ್ಯಾಕ್ಸ್ ತುಂಬುವಾಗ ಅದೂ ವ್ಯಾಪಾರದ ಖರ್ಚೇ.