ಪಿಪಿಎಫ್‌ನ 5ನೇ ತಾರೀಖು: ತಡವಾಗಿ ಸಂಬಳ ಬರುವವರ ಬಡ್ಡಿ ಯಾರ ಜೇಬಿಗೆ?

ನನ್ನ ಮೊದಲ ಕೆಲಸದಲ್ಲಿ ಸಂಬಳ ಬರುತ್ತಿದ್ದದ್ದು ಪ್ರತಿ ತಿಂಗಳು 7ಕ್ಕೆ. ಶಿಸ್ತಿನ ಹುಡುಗನ ಹಾಗೆ 8ನೇ ತಾರೀಖಿಗೆ 5,000 ರೂಪಾಯಿ ಪಿಪಿಎಫ್‌ಗೆ ಹೋಗುವಂತೆ ಬ್ಯಾಂಕಿನಲ್ಲಿ ವ್ಯವಸ್ಥೆ ಮಾಡಿಟ್ಟಿದ್ದೆ. ವರ್ಷದ ಕೊನೆಗೆ ಪಾಸ್‌ಬುಕ್ಕಿನಲ್ಲಿ ಬಂದ ಬಡ್ಡಿ ನನ್ನ ಲೆಕ್ಕಕ್ಕಿಂತ ಕಡಿಮೆ ಇತ್ತು. ಎಂಜಿನಿಯರಿಂಗ್ ಓದಿದವನು, ತಪ್ಪು ನನ್ನ ಎಕ್ಸೆಲ್ ಶೀಟಿನಲ್ಲೇ ಇರಬೇಕು ಅಂತ ಎರಡು ಸಲ ನೋಡಿದೆ. ಶೀಟಿನಲ್ಲಿ ತಪ್ಪಿರಲಿಲ್ಲ. ನಾನು ನಿಯಮ ಓದಿರಲಿಲ್ಲ, ಅಷ್ಟೇ.

ನಿಯಮ ಇಷ್ಟು. ಪ್ರತಿ ತಿಂಗಳು 5ನೇ ತಾರೀಖಿನ ವಹಿವಾಟು ಮುಗಿದ ಹೊತ್ತಿನಿಂದ ತಿಂಗಳ ಕೊನೆಯ ದಿನದವರೆಗೆ ನಿಮ್ಮ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಯಾವುದೋ, ಆ ತಿಂಗಳ ಬಡ್ಡಿ ಅದಕ್ಕೆ ಮಾತ್ರ. ಖಾತೆಯಲ್ಲಿ 1,00,000 ಇದೆ ಅಂದುಕೊಳ್ಳಿ. ಜೂನ್ 6ಕ್ಕೆ 10,000 ಹಾಕಿದಿರಿ. ಜೂನ್ 30ಕ್ಕೆ ಖಾತೆಯಲ್ಲಿ 1,10,000 ಇರುತ್ತದೆ, ನಿಜ. ಆದರೆ 5ರ ಸಂಜೆ ಇದ್ದದ್ದು 1,00,000. ಬಡ್ಡಿ ಅದಕ್ಕೇ. ನಿಮ್ಮ ಹೊಸ 10,000 ಸರ್ಕಾರದ ಬಳಿ 25 ದಿನ ಬಿಟ್ಟಿ ಕೂತಿರುತ್ತದೆ.

ಹೀಗೆ ತಿಂಗಳು ತಿಂಗಳು ಲೆಕ್ಕ ಹಾಕಿದ ಬಡ್ಡಿ ಖಾತೆಗೆ ಸೇರುವುದು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ. ಏಪ್ರಿಲ್‌ನಲ್ಲಿ ಹುಟ್ಟಿದ ಬಡ್ಡಿಗೆ ಮುಂದಿನ ಮಾರ್ಚ್‌ವರೆಗೆ ಬಡ್ಡಿ ಇಲ್ಲ.

ಈಗ ನನ್ನ ಕಂತನ್ನೇ ಇವತ್ತಿನ ಶೇ. 7.1ರ ದರದಲ್ಲಿ ನೋಡೋಣ. ತಿಂಗಳಿಗೆ 5,000, ಹೊಸ ಖಾತೆ. ಪ್ರತಿ ತಿಂಗಳು 5ರೊಳಗೆ ಹಾಕಿದರೆ ಏಪ್ರಿಲ್ ಕಂತಿಗೆ 12 ತಿಂಗಳ ಬಡ್ಡಿ, ಮೇ ಕಂತಿಗೆ 11 ತಿಂಗಳದ್ದು, ಹೀಗೆ ಇಳಿಯುತ್ತಾ ಹೋಗಿ ಮೊದಲ ವರ್ಷ ಒಟ್ಟು 2,307.50 ರೂಪಾಯಿ ಬರುತ್ತದೆ. 8ಕ್ಕೆ ಹಾಕಿದರೆ ಪ್ರತಿ ಕಂತೂ ಒಂದು ತಿಂಗಳು ಕಳೆದುಕೊಳ್ಳುತ್ತದೆ. ಮಾರ್ಚ್ ಕಂತಿಗಂತೂ ಆ ವರ್ಷ ಏನೂ ಇಲ್ಲ. ಸಿಗುವುದು 1,952.50. ವ್ಯತ್ಯಾಸ 355 ರೂಪಾಯಿ, ಅಂದರೆ ಮೊದಲ ವರ್ಷದ ಬಡ್ಡಿಯಲ್ಲಿ ಸುಮಾರು ಶೇ. 15. ದರ ಬದಲಾಗದೆ 15 ವರ್ಷ ಹೀಗೇ ನಡೆದರೆ ಈ ಕೊರತೆ ಚಕ್ರಬಡ್ಡಿ ಸೇರಿ 9,000 ರೂಪಾಯಿ ಹತ್ತಿರ ಬರುತ್ತದೆ.

"ಇಷ್ಟೇನಾ?" ಅಂತ ನೀವು ಕೇಳಬಹುದು. ಒಬ್ಬರಿಗೆ ಇಷ್ಟೇ. ಆದರೆ ಈ ಕೊರತೆ ಯಾರ ಪಾಲಿಗೆ ಬೀಳುತ್ತದೆ ನೋಡಿ. ಕೈಯಲ್ಲಿ ಹಣ ಇರುವವರು ಏಪ್ರಿಲ್ 5ರೊಳಗೆ ವರ್ಷದ ಮಿತಿ 1.5 ಲಕ್ಷವನ್ನು ಒಂದೇ ಸಲ ಹಾಕಿ, ಪೂರ್ತಿ 10,650 ರೂಪಾಯಿ ಬಡ್ಡಿ ತಗೋತಾರೆ. ಅದೇ 1.5 ಲಕ್ಷವನ್ನು ತೆರಿಗೆ ಉಳಿಸಲು ಮಾರ್ಚ್ ಕೊನೆಯಲ್ಲಿ ಓಡಿ ಬಂದು ಹಾಕಿದವರಿಗೆ ಆ ವರ್ಷಕ್ಕೆ ಸಿಗುವುದು ಸೊನ್ನೆ. ತಿಂಗಳ ಸಂಬಳದವರು ಇವರಿಬ್ಬರ ನಡುವೆ. ಅವರಲ್ಲೂ 1ಕ್ಕೆ ಸಂಬಳ ಬರುವವರಿಗೆ ಒಂದು ಲೆಕ್ಕ, 7ಕ್ಕೆ ಬರುವವರಿಗೆ ಇನ್ನೊಂದು.

7ಕ್ಕೆ ಸಂಬಳ ಕೊಡುವುದು ಕಾನೂನುಬಾಹಿರವೇನಲ್ಲ. 2019ರ ವೇತನ ಸಂಹಿತೆಯೇ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಅನ್ನುತ್ತದೆ. ಅದಕ್ಕೂ ಮುಂಚಿನ 1936ರ ಕಾಯ್ದೆಯಲ್ಲಿ ದೊಡ್ಡ ಕಾರ್ಖಾನೆಗಳಿಗೆ 10ರವರೆಗೂ ಅವಕಾಶ ಇತ್ತು. ಅಂದರೆ ಮಾಲೀಕರಿಗೆ 7ರ ಗಡುವು ಕೊಟ್ಟ ಸರ್ಕಾರ, ಅದೇ ಕೆಲಸಗಾರನ ಉಳಿತಾಯಕ್ಕೆ 5ಕ್ಕೇ ಬಾಗಿಲು ಹಾಕುತ್ತದೆ.

ಕೈಯಲ್ಲಿ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ ಇಂಥ ನಿಯಮಕ್ಕೆ ಅರ್ಥ ಇತ್ತು. ಪ್ರತಿ ಖಾತೆಗೂ ದಿನದಿನದ ಲೆಕ್ಕ ಹಾಕುವುದು ಗುಮಾಸ್ತರಿಗೆ ಅಸಾಧ್ಯ. ತಿಂಗಳಿಗೊಂದು ಅಂಕಿ ಹಿಡಿದರೆ ಮುಗಿಯಿತು. ಬ್ಯಾಂಕುಗಳ ಉಳಿತಾಯ ಖಾತೆಯಲ್ಲೂ ಇದೇ ಪದ್ಧತಿ ಇತ್ತು. ಅಲ್ಲಿ 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ. ಬ್ಯಾಂಕುಗಳು ಕಂಪ್ಯೂಟರೀಕರಣಗೊಂಡ ಮೇಲೆ ರಿಸರ್ವ್ ಬ್ಯಾಂಕ್ ಇದನ್ನು ತೆಗೆದುಹಾಕಿ, 2010ರ ಏಪ್ರಿಲ್ 1ರಿಂದ ದಿನದ ಲೆಕ್ಕದಲ್ಲಿ ಬಡ್ಡಿ ಕೊಡಲು ಹೇಳಿತು. ಪಿಪಿಎಫ್ ಇರುವುದೂ ಅವೇ ಬ್ಯಾಂಕುಗಳ ಕಂಪ್ಯೂಟರುಗಳಲ್ಲೇ. ಆದರೆ 2019ರಲ್ಲಿ ಸರ್ಕಾರ ಪಿಪಿಎಫ್ ಯೋಜನೆಯನ್ನು ಹೊಸದಾಗಿ ಬರೆದಾಗಲೂ 5ನೇ ತಾರೀಖು ಹಾಗೇ ಉಳಿಯಿತು. ಹೆಣ್ಣುಮಕ್ಕಳ ಸುಕನ್ಯಾ ಸಮೃದ್ಧಿ ಖಾತೆಗೂ ಇದೇ 5ರ ಲೆಕ್ಕ.

ಈ ನಿಯಮದ ಪರವಾಗಿ ಒಂದು ವಾದ ಇದೆ. ಪದೇ ಪದೇ ಹಣ ತೆಗೆಯುವವರನ್ನು ತಡೆದು, ಇಟ್ಟವರಿಗೆ ಬಡ್ಡಿ ಕೊಡುವುದು ನ್ಯಾಯ ಅಂತ. ಉಳಿತಾಯ ಖಾತೆಗೆ ಈ ಮಾತು ಹೊಂದಬಹುದು. ಪಿಪಿಎಫ್‌ನಲ್ಲಿ ಮೊದಲ ಐದು ವರ್ಷ ಹಣ ತೆಗೆಯಲು ಬಿಡುವುದೇ ಇಲ್ಲ, ಆಮೇಲೂ ವರ್ಷಕ್ಕೆ ಒಂದೇ ಸಲ. ಹಾಗಾಗಿ ಇಲ್ಲಿ ನಿಯಮದ ಪೆಟ್ಟು ಬೀಳುವುದು ತೆಗೆಯುವವರಿಗಿಂತ ಹೆಚ್ಚಾಗಿ ಹಾಕುವವರಿಗೆ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಆದಾಯ ತೆರಿಗೆ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ. 1 ಬಡ್ಡಿ. ಅಲ್ಲಿ ತಿಂಗಳ ಒಂದು ಭಾಗ ತಡವಾದರೂ ಪೂರ್ತಿ ತಿಂಗಳು ಅಂತಲೇ ಲೆಕ್ಕ. ನಾವು ಸರ್ಕಾರಕ್ಕೆ ಒಂದು ದಿನ ತಡ ಮಾಡಿದರೆ ಅದು ಒಂದು ತಿಂಗಳು. ನಮ್ಮ ಹಣ ಸರ್ಕಾರದ ಬಳಿ 25 ದಿನ ಇದ್ದರೆ ಅದು ಸೊನ್ನೆ. ಎರಡು ಕಡೆಯೂ ನಿಯಮ ಸರಿಹೋಗುವುದು ಒಬ್ಬರಿಗೇ.

ನಿಯಮ ಬದಲಾಗುವವರೆಗೆ ಮಾಡಬಹುದಾದದ್ದು ಸುಲಭ. ಏಪ್ರಿಲ್ 8ಕ್ಕೆ ಹಾಕಿದ ಹಣಕ್ಕೂ ಮೇ 1ಕ್ಕೆ ಹಾಕಿದ ಹಣಕ್ಕೂ ಪಿಪಿಎಫ್ ಕೊಡುವ ಬಡ್ಡಿ ಒಂದೇ. ಹಾಗಾಗಿ ಸಂಬಳ ತಡವಾಗಿ ಬಂದರೆ ಅವಸರ ಮಾಡಬೇಡಿ. ಹಣ ಉಳಿತಾಯ ಖಾತೆಯಲ್ಲೇ ಇರಲಿ, ಅಲ್ಲಿ ದಿನದ ಲೆಕ್ಕದ ಬಡ್ಡಿಯಾದರೂ ಬರುತ್ತದೆ. ಮುಂದಿನ ತಿಂಗಳು 1ಕ್ಕೆ ವರ್ಗಾಯಿಸಿ. 5ರವರೆಗೆ ಕಾಯಬೇಡಿ, ನಡುವೆ ರಜೆ ಬರಬಹುದು, ಸರ್ವರ್ ಕೈಕೊಡಬಹುದು. ನೀವು ಕಳಿಸಿದ ದಿನಕ್ಕಿಂತ ಪಾಸ್‌ಬುಕ್ಕಿನಲ್ಲಿ ಜಮೆ ಆದ ದಿನ ಮುಖ್ಯ. ಹಣ ತೆಗೆಯುವಾಗಲೂ ತಿಂಗಳ ಮೊದಲಲ್ಲೇ ತೆಗೆಯಿರಿ. 28ಕ್ಕೆ ತೆಗೆದರೆ ಆ ಮೊತ್ತದ ಇಡೀ ತಿಂಗಳ ಬಡ್ಡಿ ಹೋಯಿತು.

ನಿಮ್ಮ ಬಡ್ಡಿ ಸರಿ ಬಂದಿದೆಯಾ ನೋಡಲು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಕನಿಷ್ಠ ಮೊತ್ತವನ್ನು ಎಕ್ಸೆಲ್‌ನ ಒಂದೇ ಕಾಲಮ್ಮಿನಲ್ಲಿ, B2ರಿಂದ B13ರವರೆಗೆ ಬರೆದು ಇದನ್ನು ಹಾಕಿ:

```
=SUM(B2:B13)*7.1/1200
```

ಬಂದ ಅಂಕಿ ಪಾಸ್‌ಬುಕ್ಕಿನ ಮಾರ್ಚ್ 31ರ ಸಾಲಿಗೆ ಹೆಚ್ಚುಕಡಿಮೆ ಹೊಂದಬೇಕು.

ಸರ್ಕಾರ ಸಣ್ಣ ಉಳಿತಾಯದ ದರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಪಿಪಿಎಫ್ ದರ 7.9ರಿಂದ 7.1ಕ್ಕೆ ಇಳಿದಾಗ ಗಲಾಟೆ ಆಯಿತು, ಆಗಲೇಬೇಕಿತ್ತು. ಆದರೆ ತಡವಾಗಿ ಸಂಬಳ ಬರುವವರಿಗೆ ಆ 7.1 ಕೂಡ ಪೂರ್ತಿ ಸಿಗುತ್ತಿಲ್ಲ. ದಿನದ ಲೆಕ್ಕಕ್ಕೆ ಬದಲಾದರೆ 8ನೇ ತಾರೀಖಿನವನು ಕಳೆದುಕೊಳ್ಳುವುದು 7 ದಿನದ ಬಡ್ಡಿ ಮಾತ್ರ. ಅದು ನ್ಯಾಯವೇ, ಆ 7 ದಿನ ಹಣ ಅವನು ಕೊಟ್ಟಿರಲಿಲ್ಲ. ಉಳಿದ ದಿನಗಳ ಬಡ್ಡಿ ಅವನದು. ಮುಂದಿನ ಸಲ ಹಣಕಾಸು ಸಚಿವಾಲಯ ದರ ಪ್ರಕಟಿಸಿದಾಗ ಎಷ್ಟು ಶೇಕಡಾ ಅಂತ ಮಾತ್ರ ಕೇಳಬೇಡಿ, ಎಷ್ಟು ದಿನಕ್ಕೆ ಅಂತಲೂ ಕೇಳಿ.