ಸದಸ್ಯತ್ವ ರದ್ದು: ಠರಾವು ಬರೆಯುವ ಮೊದಲು ಬೆಳಗಾವಿಯ ಈ ತೀರ್ಪನ್ನು ನೋಡಿ

ಮಾರ್ಚ್ ಮುಗಿದು ಲೆಕ್ಕಪತ್ರಗಳು ಸಿದ್ಧವಾದ ಮೇಲೆ ಸಂಘಗಳ ವಾರ್ಷಿಕ ಮಹಾಸಭೆಗಳು ಆರಂಭವಾಗುತ್ತವೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಭಾಗದಲ್ಲಿ ನಮ್ಮ ಸಮಾಜದ ಕುಟುಂಬಗಳು ಬಸದಿ ಕಮಿಟಿ, ಯುವಕ ಮಂಡಳ, ಮಹಿಳಾ ಮಂಡಳ, ಶಿಕ್ಷಣ ಸಂಸ್ಥೆ ಹೀಗೆ ಒಂದಲ್ಲ ಒಂದು ಸಂಘದ ಸದಸ್ಯರೇ. ಇಂಥ ಸಭೆಗಳ ನಡಾವಳಿ ಪುಸ್ತಕದಲ್ಲಿ ಕೆಲವೊಮ್ಮೆ ಒಂದೇ ಸಾಲಿನ ಠರಾವು ಕಾಣುತ್ತದೆ: 'ಇಂಥವರ ಸದಸ್ಯತ್ವವನ್ನು ಸರ್ವಾನುಮತದಿಂದ ರದ್ದುಪಡಿಸಲಾಯಿತು.' ಕಾರಣ ವರ್ಗಣಿ ಬಾಕಿ ಇರಬಹುದು, ಇಲ್ಲವೇ ಸಭೆಯಲ್ಲಿ ನಡೆದ ಜಗಳ ಇರಬಹುದು. ಆ ಒಂದು ಸಾಲು ಕಾನೂನಿನ ಮುಂದೆ ನಿಲ್ಲುತ್ತದೆಯೇ ಎಂಬುದು ಅದಕ್ಕಿಂತ ಹಿಂದೆ ಸಂಘ ಏನೇನು ಮಾಡಿತ್ತು ಎಂಬುದರ ಮೇಲೆ ನಿಂತಿದೆ.

ಈ ಪ್ರಶ್ನೆಗೆ ದೇಶದ ಎಲ್ಲ ನ್ಯಾಯಾಲಯಗಳೂ ಇಂದಿಗೂ ಎತ್ತಿ ಹೇಳುವ ಉತ್ತರ ಬಂದದ್ದು ನಮ್ಮದೇ ಜಿಲ್ಲೆಯ ಒಂದು ಪ್ರಕರಣದಿಂದ. ಬೆಳಗಾವಿಯಲ್ಲಿ 'ಲಾಡ್ಜ್ ವಿಕ್ಟೋರಿಯಾ ನಂ. 363' ಎಂಬ ಫ್ರೀಮೇಸನ್ ಸಂಘವಿತ್ತು. ಅದರ ಸದಸ್ಯ ಟಿ. ಪಿ. ಡಾವರ್ ಅವರ ಮೇಲೆ ಮತ್ತೊಬ್ಬ ಸದಸ್ಯರು ದೂರು ಕೊಟ್ಟರು. ಸಂಘ ಆರೋಪಗಳನ್ನು ತಿಳಿಸಿ ವಿವರಣೆ ಕೇಳಿತು, ಡಾವರ್ ವಿವರಣೆ ಕೊಟ್ಟರು. ಬಳಿಕ ಸಭೆ ಸೇರಿ ಅವರನ್ನು ತಪ್ಪಿತಸ್ಥರೆಂದು ಠರಾಯಿಸಿ ಹೊರಗಿಟ್ಟಿತು. ಸಂಘದ ನಿಯಮದಂತೆ ಅವರು ಮೇಲಿನ ಲಾಡ್ಜ್‌ಗಳಿಗೆ ಮೇಲ್ಮನವಿ ಸಲ್ಲಿಸಿದರು, ಅಲ್ಲಿಯೂ ಫಲ ಸಿಗಲಿಲ್ಲ. ಕೊನೆಗೆ ವಿಷಯ ಸಿವಿಲ್ ದಾವೆಯಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1963ರ ಕಾನೂನು ವರದಿಗಳಲ್ಲಿ ಅಚ್ಚಾದ ಆ ತೀರ್ಪಿನಲ್ಲಿ ಡಾವರ್ ಸೋತರು.

ಅವರು ಸೋತರೆಂಬುದಕ್ಕಿಂತ ನ್ಯಾಯಾಲಯ ಯಾವ ಅಳತೆಗೋಲು ಹಿಡಿದು ನೋಡಿತು ಎಂಬುದು ನಮಗೆ ಮುಖ್ಯ. ಸದಸ್ಯನನ್ನು ತೆಗೆಯುವ ಅಧಿಕಾರ ಸಂಘಕ್ಕೆ ಬರುವುದು ಒಪ್ಪಂದದಿಂದ. ಅರ್ಜಿಗೆ ಸಹಿ ಹಾಕಿ ಒಳಗೆ ಬಂದವನು ಬೈಲಾವನ್ನೂ ಒಪ್ಪಿಕೊಂಡಂತೆ. ಆದ್ದರಿಂದ ಬೈಲಾದಲ್ಲಿ ತೆಗೆಯುವ ಅಧಿಕಾರವಿದ್ದರೆ ತೆಗೆಯಬಹುದು, ಆದರೆ ಬೈಲಾ ಹೇಳಿದ ರೀತಿಯಲ್ಲಿಯೇ ತೆಗೆಯಬೇಕು. ಎರಡನೆಯದಾಗಿ, ಸಿವಿಲ್ ನ್ಯಾಯಾಲಯ ಸಂಘದ ತೀರ್ಮಾನದ ಮೇಲೆ ಮೇಲ್ಮನವಿ ಕೇಳುವ ಜಾಗವಲ್ಲ. ಆರೋಪ ನಿಜವೋ ಸುಳ್ಳೋ ಎಂದು ಅದು ಮತ್ತೆ ತೂಗುವುದಿಲ್ಲ. ಮೂರನ್ನು ಮಾತ್ರ ನೋಡುತ್ತದೆ: ಸಂಘಕ್ಕೆ ಆ ಅಧಿಕಾರ ಇತ್ತೇ, ಶುದ್ಧ ಮನಸ್ಸಿನಿಂದ ವರ್ತಿಸಿತೇ, ಸಹಜ ನ್ಯಾಯದ ತತ್ವ ಪಾಲಿಸಿತೇ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಠರಾವು ಬಿದ್ದುಹೋಗಬಹುದು. ಮೂರೂ ಸರಿಯಿದ್ದರೆ, ಸದಸ್ಯನಿಗೆ ಎಷ್ಟೇ ಕಹಿಯಾದರೂ, ನ್ಯಾಯಾಲಯ ಕೈ ಹಾಕುವುದಿಲ್ಲ.

ಈ ಅಳತೆಗೋಲನ್ನು ಹಿಡಿದು ನಮ್ಮ ಸಂಘಗಳ ರೂಢಿಯನ್ನು ನೋಡಿದರೆ, ಮೊದಲು ಕಾಣುವ ದೋಷವೆಂದರೆ ವರ್ಗಣಿ ಬಾಕಿಯನ್ನೂ ದುರ್ನಡತೆಯನ್ನೂ ಒಂದೇ ಠರಾವಿನಲ್ಲಿ ಕಲಸುವುದು. ಇವೆರಡರ ಸ್ವಭಾವವೇ ಬೇರೆ. ಬಾಕಿ ಎಂಬುದು ರಶೀದಿ ಪುಸ್ತಕ ತೆಗೆದರೆ ತಿಳಿಯುವ ಲೆಕ್ಕ. ದುರ್ನಡತೆ ಎಂಬುದು ಆರೋಪ, ಅದನ್ನು ಕೇಳಿ ತೂಗಿ ನಿರ್ಣಯಿಸಬೇಕು.

ಬಾಕಿಯ ವಿಷಯದಲ್ಲಿಯೂ ಎರಡು ಹಂತಗಳಿವೆ. ಮತದಾನದ ಹಕ್ಕು ತಡೆಹಿಡಿಯುವುದು ಒಂದು, ಸದಸ್ಯತ್ವವೇ ಮುಗಿಯುವುದು ಇನ್ನೊಂದು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ನಡೆಯುತ್ತಿದ್ದ 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಂನಲ್ಲಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ವರ್ಗಣಿ ಬಾಕಿ ಇಟ್ಟವರಿಗೆ ಮತವಿಲ್ಲ, ಅವರನ್ನು ಸದಸ್ಯರ ಲೆಕ್ಕಕ್ಕೂ ಹಿಡಿಯುವಂತಿಲ್ಲ ಎಂದಿತ್ತು. ಹಣ ಕಟ್ಟಿದ ದಿನ ಆ ತಡೆ ಹೋಗುತ್ತದೆ, ಆ ಮನುಷ್ಯ ಹೊಸದಾಗಿ ಅರ್ಜಿ ಹಾಕಬೇಕಾಗಿಲ್ಲ. ಇಂದು ನಮ್ಮಲ್ಲಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ಆದರೆ ಬಾಕಿಯಿಂದ ಸದಸ್ಯತ್ವವೇ ಮುಗಿಯಬೇಕಾದರೆ ಹಾಗೆಂದು ತಮ್ಮ ಸಂಘದ ಬೈಲಾ ಸ್ಪಷ್ಟವಾಗಿ ಬರೆದಿರಬೇಕು. 'ಬಾಕಿದಾರರಿಗೆ ಮತವಿಲ್ಲ' ಎಂದಷ್ಟೇ ಇದ್ದರೆ ಹೆಸರನ್ನು ಯಾದಿಯಿಂದ ಹೊಡೆದುಹಾಕಲು ಅದು ಸಾಲದು.

ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳೋಣ. ರಾಯಬಾಗ ತಾಲೂಕಿನ ಒಂದು ಸಂಘದಲ್ಲಿ ವಾರ್ಷಿಕ ವರ್ಗಣಿ 500 ರೂಪಾಯಿ. ಎರಡು ವರ್ಷ ಕಟ್ಟದಿದ್ದರೆ 30 ದಿನಗಳ ಲಿಖಿತ ನೋಟಿಸ್ ಕೊಟ್ಟು ಕಾರ್ಯಕಾರಿ ಸಮಿತಿ ಹೆಸರು ತೆಗೆಯಬಹುದು ಎಂದು ಬೈಲಾದಲ್ಲಿದೆ. ಒಬ್ಬ ಸದಸ್ಯರು ಮೂರು ವರ್ಷ ಕಟ್ಟಿಲ್ಲ. ಸರಿಯಾದ ನೋಟಿಸ್‌ನಲ್ಲಿ ಯಾವ ಯಾವ ವರ್ಷದ ಎಷ್ಟು ಬಾಕಿ, ಒಟ್ಟು 1500 ರೂಪಾಯಿ, ಬೈಲಾದ ಯಾವ ಕಲಂ, ಎಂದಿನೊಳಗೆ ಕಟ್ಟಬೇಕು, ಲೆಕ್ಕದಲ್ಲಿ ತಪ್ಪಿದ್ದರೆ ಯಾರಿಗೆ ಬರೆಯಬೇಕು ಎಂಬುದಿರುತ್ತದೆ. ಅದನ್ನು ಯಾದಿಯಲ್ಲಿರುವ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ ಪಾವತಿ ಇಟ್ಟುಕೊಳ್ಳಬೇಕು. ಬೈಲಾ ಒಪ್ಪದ ಹೊರತು ವಾಟ್ಸಾಪ್ ಗ್ರೂಪಿನಲ್ಲಿ ಬಾಕಿದಾರರ ಯಾದಿ ಹಾಕಿದ್ದು ನೋಟಿಸ್ ಆಗುವುದಿಲ್ಲ. ಅದು ನಾಲ್ಕು ಜನರ ಮುಂದೆ ಮಾನ ಕಳೆದದ್ದಷ್ಟೇ ಆಗುತ್ತದೆ.

ಈಗ ಆ ಸದಸ್ಯರು 25ನೇ ದಿನ 1500 ರೂಪಾಯಿ ಕಟ್ಟಲು ಬಂದರೆ ಖಜಾಂಚಿಯವರು 'ಅಧ್ಯಕ್ಷರು ಬೇಡ ಅಂದಾರ' ಎಂದು ಹಿಂದೆ ಕಳಿಸುವಂತಿಲ್ಲ. ಅವಧಿ ಇನ್ನೂ ಮುಗಿದಿಲ್ಲ. ಇದರ ವಿರುದ್ಧದ ತಪ್ಪೂ ನಡೆಯುತ್ತದೆ: ಹೆಸರು ತೆಗೆದ ಆರು ತಿಂಗಳ ಮೇಲೆ ಅದೇ ವ್ಯಕ್ತಿಯಿಂದ ಹೊಸ ವರ್ಷದ ವರ್ಗಣಿ ಪಡೆದು 'ಸದಸ್ಯರು' ಎಂದು ರಶೀದಿ ಕೊಡುವುದು. ಆಮೇಲೆ ಅವರು ಸದಸ್ಯರೇ ಅಲ್ಲ ಎಂದು ವಾದಿಸಲು ಸಂಘಕ್ಕೆ ಬಾಯಿ ಇರುವುದಿಲ್ಲ. ಇನ್ನೊಂದು ಗುರುತು: ಇಪ್ಪತ್ತು ಮಂದಿ ಬಾಕಿದಾರರಿದ್ದು, ಚುನಾವಣೆಗೆ ಮುನ್ನ ಎದುರು ಬಣದ ಮೂವರಿಗೆ ಮಾತ್ರ ನೋಟಿಸ್ ಹೋದರೆ, ಕಾಗದ ಎಷ್ಟೇ ಚೊಕ್ಕಾಗಿದ್ದರೂ ಶುದ್ಧ ಮನಸ್ಸಿನ ಪ್ರಶ್ನೆ ಏಳುತ್ತದೆ. ನಿಯಮ ಇದ್ದರೆ ಇಪ್ಪತ್ತೂ ಮಂದಿಗೆ ಒಂದೇ ದಿನ ಕಳಿಸಬೇಕು.

ದುರ್ನಡತೆಯ ಆರೋಪಕ್ಕೆ ಇದಕ್ಕಿಂತ ಹೆಚ್ಚಿನ ಎಚ್ಚರ ಬೇಕು. 'ಸಂಘದ ಹಿತಕ್ಕೆ ವಿರುದ್ಧವಾಗಿ ವರ್ತಿಸಿದ್ದೀರಿ' ಎಂಬುದು ಆರೋಪವಲ್ಲ, ಅದು ತೀರ್ಪು. ಆರೋಪವೆಂದರೆ ಯಾವ ದಿನ, ಎಲ್ಲಿ, ಏನು ಮಾಡಿದರು, ಅದು ಬೈಲಾದ ಯಾವ ಕಲಂಗೆ ವಿರುದ್ಧ ಎಂಬುದು. ಲೆಕ್ಕದ ಗೋಲಮಾಲು ಎಂದರೆ ಯಾವ ರಶೀದಿ, ಯಾವ ಮೊತ್ತ ಎಂದು ಹೇಳಬೇಕು. ಸಂಘ ಆಧಾರವಾಗಿ ಇಟ್ಟುಕೊಂಡ ಕಾಗದದ ಪ್ರತಿಯನ್ನು ಸದಸ್ಯರಿಗೆ ತೋರಿಸಬೇಕು. ಉತ್ತರಿಸಲು ಬೈಲಾ ಹೇಳಿದಷ್ಟು, ಬೈಲಾ ಸುಮ್ಮನಿದ್ದರೆ ನ್ಯಾಯವೆನಿಸುವಷ್ಟು ದಿನ ಕೊಡಬೇಕು. ನಾಳೆ ಸಭೆ ಇದೆ ಬನ್ನಿ ಎಂಬುದು ಅವಕಾಶ ಕೊಟ್ಟಂತಲ್ಲ.

ವಿಚಾರಣೆ ಎಂದರೆ ಕೋರ್ಟಿನಂತೆ ವಕೀಲರು, ಪಾಟೀಸವಾಲು ಎಲ್ಲ ಬೇಕೆಂದಲ್ಲ. ಹೇಳುವುದನ್ನು ತೀರ್ಮಾನಿಸುವವರು ಕೂತು ಕೇಳಬೇಕು ಎಂಬುದು ಅದರ ತಿರುಳು. ಹಾಗಾಗಿ ಯಾರು ಕೂರುತ್ತಾರೆ ಎಂಬುದು ಮುಖ್ಯ. ದೂರು ಕೊಟ್ಟವರು ಸಮಿತಿಯಲ್ಲಿದ್ದರೆ ತಮ್ಮ ಮಾತು ಹೇಳಿ ಎದ್ದು ಹೊರಗೆ ಹೋಗಬೇಕು, ಮತ ಹಾಕಬಾರದು. ಸಣ್ಣ ಊರಿನಲ್ಲಿ ಎಲ್ಲರೂ ಬೀಗರು ನೆಂಟರೇ ಆಗಿರುತ್ತಾರೆ. ಬರೀ ನೆಂಟಸ್ತನದಿಂದ ಯಾರನ್ನೂ ದೂರ ಇಡಲಾಗದು, ಆದರೆ ದೂರುದಾರರೇ ನ್ಯಾಯಾಧೀಶರಾಗುವುದನ್ನು ತಪ್ಪಿಸಲು ಸಾಧ್ಯ. ಸಭೆಯ ವಿಷಯ ಸೂಚಿಯಲ್ಲಿ 'ಇಂಥವರ ಸದಸ್ಯತ್ವದ ಕುರಿತು ವಿಚಾರಣೆ' ಎಂದೇ ಇರಬೇಕು. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು' ಎಂಬುದರ ಅಡಿಯಲ್ಲಿ ಒಬ್ಬರನ್ನು ತೆಗೆದ ಠರಾವು ಮೊದಲ ಪ್ರಶ್ನೆಗೇ ಅಲುಗಾಡುತ್ತದೆ. ಕೋರಂ, ಬೈಲಾ ಕೇಳುವ ಬಹುಮತ, ಸದಸ್ಯರು ಕೊಟ್ಟ ಉತ್ತರ, ಅದನ್ನು ಏಕೆ ಒಪ್ಪಲಿಲ್ಲ ಎಂಬ ಕಾರಣ, ಇಷ್ಟೂ ನಡಾವಳಿಯಲ್ಲಿ ಬರಬೇಕು. ಕರೆದರೂ ಬಾರದಿದ್ದರೆ ನೋಟಿಸ್ ತಲುಪಿದ ದಾಖಲೆ ಇಟ್ಟುಕೊಂಡು ಮುಂದುವರಿಯಬಹುದು. ಅವಕಾಶ ಕೊಡುವುದು ಸಂಘದ ಹೊಣೆ, ಬಳಸಿಕೊಳ್ಳುವುದು ಸದಸ್ಯರ ಹೊಣೆ.

ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಗೆರೆ ಇದೆ. ಸಂಘದ ಸದಸ್ಯತ್ವ ಹೋದರೆ ಮತ, ಚುನಾವಣೆಗೆ ನಿಲ್ಲುವ ಹಕ್ಕು, ಲೆಕ್ಕ ಕೇಳುವ ಹಕ್ಕು ಹೋಗುತ್ತದೆ. ಬಸದಿಯ ದರ್ಶನ, ಅಭಿಷೇಕ, ಪರ್ಯುಷಣದ ಪ್ರವಚನ, ಮದುವೆ ಮುಂಜಿಯ ಕರೆ ಹೋಗುವುದಿಲ್ಲ. ಹೋದದ್ದು ಒಬ್ಬರ ಸದಸ್ಯತ್ವ, ಅವರ ಹೆಂಡತಿ ಮಕ್ಕಳು ಸ್ವಂತ ಹೆಸರಿನಲ್ಲಿ ಸದಸ್ಯರಾಗಿದ್ದರೆ ಅವರ ಹಕ್ಕು ಹಾಗೇ ಇರುತ್ತದೆ. ಬೆಳಗಾವಿಯೂ ಸೇರಿದ್ದ ಅಂದಿನ ಮುಂಬಯಿ ಸರಕಾರ 1949ರಲ್ಲಿ ಜಾತಿ ಸಮುದಾಯಗಳ ಬಹಿಷ್ಕಾರವನ್ನು ತಡೆಯಲು ಕಾಯ್ದೆಯನ್ನೇ ಮಾಡಿತ್ತು. ದಾವೂದಿ ಬೊಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಮುಂದೆ 2016ರಲ್ಲಿ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆ ಕಾಯ್ದೆ ತಂದಿತು. ಗಡಿಯಾಚೆ ಸಾಂಗ್ಲಿ, ಕೊಲ್ಲಾಪುರದಲ್ಲಿ ನೆಂಟರಿರುವ ನಮ್ಮ ಕುಟುಂಬಗಳಿಗೆ ಇದು ತಿಳಿದಿರಬೇಕು: ಸದಸ್ಯತ್ವ ರದ್ದತಿಯ ಪತ್ರದಲ್ಲಿ 'ಯಾರೂ ಇವರ ಮನೆಗೆ ಹೋಗಬಾರದು' ಎಂಬ ಸಾಲು ಸೇರಿದರೆ ಅದು ಬೈಲಾದ ವಿಷಯವಾಗಿ ಉಳಿಯುವುದಿಲ್ಲ.

ಹೆಸರು ಕಳೆದುಕೊಂಡವರು ಏನು ಮಾಡಬೇಕು? ಮೊದಲು ಠರಾವಿನ ಪ್ರತಿ ಮತ್ತು ಬೈಲಾದ ಪ್ರತಿ ಲಿಖಿತವಾಗಿ ಕೇಳಬೇಕು. ಮಹಾಸಭೆಗೆ ಮೇಲ್ಮನವಿ ಸಲ್ಲಿಸಲು ಬೈಲಾದಲ್ಲಿ ದಾರಿ ಇದ್ದರೆ ಅವಧಿಯೊಳಗೆ ಸಲ್ಲಿಸಬೇಕು. ಡಾವರ್ ಅವರೂ ಸಂಘದೊಳಗಿನ ಮೇಲ್ಮನವಿ ಮುಗಿಸಿಯೇ ಕೋರ್ಟಿಗೆ ಹೋದರು. 1960ರ ಕಾಯ್ದೆಯ 25ನೇ ಕಲಂ ಪ್ರಕಾರ ಸಂಘಗಳ ನೋಂದಣಾಧಿಕಾರಿ ತಾವಾಗಿಯೇ, ಇಲ್ಲವೇ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸದಸ್ಯರು ಅರ್ಜಿ ಕೊಟ್ಟರೆ, ಸಂಘದ ವ್ಯವಹಾರದ ವಿಚಾರಣೆ ನಡೆಸಬಹುದು. ಒಬ್ಬರ ಸದಸ್ಯತ್ವ ಉಳಿದಿದೆಯೋ ಇಲ್ಲವೋ ಎಂಬುದನ್ನು ಘೋಷಿಸಲು ಮಾತ್ರ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ಪತ್ತಿನ ಸಹಕಾರ ಸಂಘವಾದರೆ ಈ ದಾರಿಯಲ್ಲ, ಅದಕ್ಕೆ ಸಹಕಾರ ಕಾಯ್ದೆಯ ಬೇರೆ ವ್ಯವಸ್ಥೆ ಇದೆ.

ಪದಾಧಿಕಾರಿಗಳಿಗೂ ಇದೇ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಈ ಸಲದ ಮಹಾಸಭೆಯ ಸೂಚನಾ ಪತ್ರ ಹೊರಡುವ ಮೊದಲು ಬೈಲಾ ತೆಗೆದು ಸದಸ್ಯತ್ವ ಮುಗಿಯುವ ಕಲಂ ಓದಬೇಕು. ನೋಟಿಸಿನ ದಿನಗಳು, ಕೇಳುವ ಸಮಿತಿ, ಮೇಲ್ಮನವಿ ಈ ಮೂರರಲ್ಲಿ ಯಾವುದು ಅಲ್ಲಿ ಇಲ್ಲವೋ ಅದನ್ನು ತಿದ್ದುಪಡಿಯಾಗಿ ಮೊದಲು ಸೇರಿಸಬೇಕು. ಯಾರ ಹೆಸರೂ ಮುಂದಿಲ್ಲದ ಹೊತ್ತಿನಲ್ಲಿ ಬರೆದ ನಿಯಮವನ್ನು ಮುಂದೆ ಯಾರೂ ತಮ್ಮ ಮೇಲಿನ ಹಗೆಗಾಗಿ ಬರೆದದ್ದು ಎನ್ನಲಾರರು.