ರೀಲ್ ಮುಗಿಯೋ ಹೊತ್ತಿಗೆ ಏನ್ ಕೇಳ್ತೀರಾ?

"ಕನ್ನಡಿಗರಾಗಿದ್ರೆ ಕಮೆಂಟ್‌ನಲ್ಲಿ ಜೈ ಅನ್ನಿ." "ಅಮ್ಮನ ಮೇಲೆ ಪ್ರೀತಿ ಇದ್ರೆ ಒಂದು ಹಾರ್ಟ್ ಹಾಕಿ." "ಪಾರ್ಟ್ 2 ಬೇಕಾ?" ನೀವು ದಿನಾ ನೋಡ್ತೀರಾ, ಬಹುಶಃ ಒಂದೆರಡು ಸಲ ಹಾರ್ಟ್ ಹಾಕಿಯೂ ಇರ್ತೀರಾ. ಇವು ಪ್ರಶ್ನೆಗಳಲ್ಲ, ವಸೂಲಿ. ಬೇಕಂತಲೇ ಉತ್ತರ ತಪ್ಪು ಹೇಳಿ, ನಾವು ತಿದ್ದೋಕೆ ಬರ್ಲಿ ಅಂತ ಕಾಯೋರದ್ದು ಇನ್ನೂ ಕೆಟ್ಟದ್ದು. ಕಮೆಂಟ್ ಓದದೇ ಹೋದವರು ಆ ತಪ್ಪನ್ನೇ ನಿಜ ಅಂದ್ಕೊಂಡು ಹೋಗ್ತಾರೆ.

ಇದ್ರಿಂದ ಲಾಭವಾದ್ರೂ ಇದೆಯಾ? ಇಂಥ ಕಮೆಂಟ್ ಭಿಕ್ಷೆಯ ಪೋಸ್ಟ್‌ಗಳನ್ನ ಕೆಳಗೆ ತಳ್ತೀವಿ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೆರಿ 2025ರಲ್ಲಿ ಮುಖ್ಯ ಅಂತ ಹೆಸರಿಸಿದ ಮೂರು ಅಂಶಗಳು: ಎಷ್ಟು ಹೊತ್ತು ನೋಡಿದ್ರು, ಎಷ್ಟು ಲೈಕ್, ಎಷ್ಟು ಜನ ಬೇರೆಯವರಿಗೆ ಕಳಿಸಿದ್ರು. ಆ ಮೂರರಲ್ಲಿ ಕಮೆಂಟ್ ಇಲ್ಲ. ಹಾಗಾಗಿ ಕಮೆಂಟ್ ಬೇಕಿರೋದು ಜನ ಏನು ಹೇಳ್ತಾರೆ ಅಂತ ತಿಳ್ಕೊಳ್ಳೋಕೆ ಮಾತ್ರ ಅನ್ನೋದು ನನ್ನ ವಾದ.

ಒಂದು ರೀಲ್ ತಗೊಳ್ಳೋಣ. ವಿಷಯ ಚೀಟಿ, ನಮ್ಮ ಮನೆಗಳಲ್ಲಿ ಅಮ್ಮ, ಅತ್ತೆ, ಪಕ್ಕದ ಮನೆ ಆಂಟಿ ಹಾಕೋ ಅದೇ ಚೀಟಿ. 40 ಸೆಕೆಂಡ್‌ನಲ್ಲಿ ಲೆಕ್ಕ ಹೀಗೆ: 20 ಜನ, ತಿಂಗಳಿಗೆ ತಲಾ 1,000 ರೂಪಾಯಿ, 20 ತಿಂಗಳು. ಒಟ್ಟು 20,000. ಮೊದಲ ತಿಂಗಳೇ ದುಡ್ಡು ಬೇಕಾದವರು 4,000 ಬಿಟ್ಟುಕೊಟ್ಟು ಕೂಗ್ತಾರೆ, ಅವರ ಕೈಗೆ 16,000 ಬರುತ್ತೆ. ಬಿಟ್ಟ 4,000 ಎಲ್ರಿಗೂ 200ರಂತೆ ಹಂಚಿಕೆ ಆಗಿ, ಆ ತಿಂಗಳು ಕಟ್ಟೋದು 800 ಮಾತ್ರ. (ಚೀಟಿ ನಡೆಸೋರ ಕಮಿಷನ್ ಇಲ್ಲಿ ಬಿಟ್ಟಿದ್ದೀನಿ.) ಕೊನೇವರೆಗೆ ಕಾದವರಿಗೆ ಹೆಚ್ಚು ಸಿಗುತ್ತೆ, ಆದ್ರೆ ಅಷ್ಟರೊಳಗೆ ಚೀಟಿ ನಡೆಸೋರು ಓಡಿಹೋದ್ರೆ ಪೂರ್ತಿ ಹೋಗುತ್ತೆ.

ಈಗ ಕೊನೇ ಪ್ರಶ್ನೆ. "ನಿಮ್ಮ ಅಭಿಪ್ರಾಯ ಏನು?" ತುಂಬಾ ದೊಡ್ಡದಾಯ್ತು. ಬಸ್ಸಲ್ಲಿ ಕಂಬಿ ಹಿಡ್ಕೊಂಡು ಒಂದೇ ಹೆಬ್ಬೆರಳಲ್ಲಿ ಟೈಪ್ ಮಾಡೋರು ಇದಕ್ಕೆ ಪ್ರಬಂಧ ಬರೀಬೇಕು. "ನಿಮ್ಮನೇಲಿ ಚೀಟಿ ಹಾಕ್ತಾರಾ?" ಅಂದ್ರೆ ಹೌದು, ಇಲ್ಲ, ಮುಗೀತು. "ಎಷ್ಟು ರೂಪಾಯಿ ಚೀಟಿ, ಯಾರ ಹತ್ರ?" ದಯವಿಟ್ಟು ಬೇಡ. ಮನೆ ದುಡ್ಡಿನ ವಿಷಯ ಊರಿಗೆಲ್ಲಾ ಕಾಣೋ ಜಾಗದಲ್ಲಿ ಬರೆಸಬಾರದು.

ನಾನಾದ್ರೆ ಹೀಗೆ ಕೇಳ್ತೀನಿ: "ನಿಮ್ಗೆ ಈ ಚೀಟಿಯಲ್ಲಿ ಒಂದು ಜಾಗ ಸಿಕ್ಕಿದ್ರೆ, ಮೊದಲನೇ ತಿಂಗಳೇ ಕೂಗ್ತೀರಾ, ಕೊನೇವರೆಗೆ ಕಾಯ್ತೀರಾ? ಯಾತಕ್ಕೆ?" ರೀಲ್ ನೋಡದೇ ಇದಕ್ಕೆ ಉತ್ತರ ಕೊಡೋಕಾಗಲ್ಲ, ಅದೇ ನನ್ನ ಪರೀಕ್ಷೆ. ಎರಡೂ ಕಡೆ ನ್ಯಾಯವಾದ ಕಾರಣ ಇದೆ, ಹಾಗಾಗಿ ಯಾರೂ ದಡ್ಡರಾಗಲ್ಲ. ಒಬ್ರು "ಫೀಸ್ ಕಟ್ಬೇಕು, ಮೊದಲನೇದೇ" ಅಂತಾರೆ, ಇನ್ನೊಬ್ರು "4,000 ಯಾಕೆ ಬಿಡ್ಲಿ" ಅಂತಾರೆ, ಅವರಿಬ್ರೇ ಮಾತಾಡ್ಕೊಳ್ತಾರೆ. ಆ "ಯಾತಕ್ಕೆ" ಬಿಟ್ಟರೆ ಬರೀ ವೋಟಿಂಗ್ ಆಗಿಬಿಡುತ್ತೆ.

ಕೇಳೋ ರೀತಿಯೂ ಇದೆ. "ಸೋ ಗೈಸ್, ಇಷ್ಟೇ ಇವತ್ತಿನ ವಿಡಿಯೋ" ಅಂದ ಕ್ಷಣ ಹೆಬ್ಬೆರಳು ಮೇಲಕ್ಕೆ ಹೋಗಿರುತ್ತೆ, ಆಮೇಲೆ ಕೇಳಿ ಏನು ಬಂತು? ಕೊನೇ ಲೆಕ್ಕದ ವಾಕ್ಯಕ್ಕೆ ಅಂಟಿದ ಹಾಗೆ ಪ್ರಶ್ನೆ ಕೇಳಿ, ಅಲ್ಲೇ ಕಟ್ ಮಾಡಿ. ಸೌಂಡ್ ಆಫ್ ಮಾಡಿ ನೋಡೋರಿಗೆ ಅದೇ ಪ್ರಶ್ನೆ ಅಕ್ಷರದಲ್ಲೂ ಇರ್ಲಿ, ನಿಧಾನಕ್ಕೆ ಒಂದು ಸಲ ಓದಿ ಮುಗಿಸೋವಷ್ಟು ಹೊತ್ತು. ತೀರಾ ಕೆಳಗೆ ಹಾಕಿದ್ರೆ ಕ್ಯಾಪ್ಶನ್ ಮುಚ್ಚುತ್ತೆ, ಬಲತುದಿಗೆ ಹಾಕಿದ್ರೆ ಲೈಕ್, ಶೇರ್ ಬಟನ್‌ಗಳು ಮುಚ್ಚುತ್ತವೆ. ಪೋಸ್ಟ್ ಆದ್ಮೇಲೆ ನಿಮ್ಮ ಉತ್ತರವನ್ನೇ ಕಾರಣ ಸಮೇತ ಮೊದಲು ಬರೆದು ಪಿನ್ ಮಾಡಿ. ಉತ್ತರ ಎಷ್ಟುದ್ದ ಇದ್ರೆ ಸಾಕು ಅಂತ ಜನಕ್ಕೆ ಅದರಿಂದ ಗೊತ್ತಾಗುತ್ತೆ.

ಕೆಲಸ ಆಯ್ತಾ ಅಂತ ತಿಳಿಯೋಕೆ ಎಣಿಸಬೇಡಿ, ಓದಿ. "ಸೂಪರ್ ಬ್ರೋ", ಬೆಂಕಿ ಎಮೋಜಿ ಯಾವ ರೀಲ್ ಕೆಳಗಾದ್ರೂ ಹೊಂದುತ್ತೆ. ಆರೇ ಕಮೆಂಟ್ ಬಂದು ಅದರಲ್ಲಿ ನಾಲ್ಕು ಚೀಟಿ ಬಗ್ಗೆನೇ ಇದ್ರೆ ಪ್ರಶ್ನೆ ಗೆದ್ದಿದೆ. ಕ್ಲಾಸ್‌ಮೇಟ್ಸ್ ಮುಲಾಜಿಗೆ ಎರಡು ಸಲ ಕಮೆಂಟ್ ಹಾಕ್ತಾರೆ, ಮೂರನೇ ಸಲ ನೀವು ಯಾವತ್ತೂ ಉತ್ತರ ಕೊಡಲ್ಲ ಅಂತ ಗೊತ್ತಾಗಿ ಸುಮ್ಮನೆ ಸ್ಕ್ರೋಲ್ ಮಾಡ್ತಾರೆ. ಯಾರೋ "ಓಡಿಹೋದ್ರೆ ಕೇಸ್ ಹಾಕ್ಬಹುದಾ?" ಅಂತ ಕೇಳಿದ್ರೆ ಮುಂದಿನ ರೀಲ್ ಅದೇ ಆಗ್ಬೇಕು. ಕಮೆಂಟ್ ಹಾಕಿದ್ರೆ ಮಾತ್ರ ಪಿಡಿಎಫ್ ಕಳಿಸ್ತೀನಿ ಅನ್ನೋರಿಗೆ ನಂದೊಂದು ಮಾತು: ಬಯೋದಲ್ಲಿ ಲಿಂಕ್ ಹಾಕೋಕೆ ಏನು ಕಷ್ಟ?

ಇನ್ನು ಕೆಲವು ರೀಲ್‌ಗೆ ಪ್ರಶ್ನೆಯೇ ಬೇಡ. ಎಕ್ಸಾಂ ಫೀ ಕಟ್ಟೋಕೆ ಕೊನೇ ದಿನ ಯಾವುದು ಅಂತ ಹೇಳ್ತಿದ್ರೆ, ದಿನಾಂಕ ಹೇಳಿ ನಿಲ್ಲಿಸಿ.